ಮೂರು ಕೆಲಸ, 18 ಪುಟ

ರಾಣೆಬೆನ್ನೂರು ಕಡೆಯ ಹುಡುಗಿಯೊಬ್ಬಳು ಡಿಸೈನ್ ಪದವಿ ಮುಗಿಸಿ, ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದಳು. ಎಷ್ಟು ಅರ್ಜಿ ಹಾಕಿದರೂ ಸಂದರ್ಶನಕ್ಕೆ ಕರೆ ಬರುತ್ತಿಲ್ಲವೆಂದು ತನ್ನ ಪೋರ್ಟ್‌ಫೋಲಿಯೊವನ್ನು ನನಗೆ ತೋರಿಸಿದಳು. 43 ಪುಟ, 11 ಪ್ರಾಜೆಕ್ಟು. ಲೋಗೊ, ಪೋಸ್ಟರ್, ಮದುವೆ ಆಮಂತ್ರಣ, ಆ್ಯಪ್, ಕಾಲೇಜು ಉತ್ಸವದ ಟೀ ಶರ್ಟ್ ಎಲ್ಲವೂ ಇದ್ದವು. ಪುಟ ತಿರುಗಿಸಿದಷ್ಟೂ ಚೆಂದದ ಚಿತ್ರಗಳು. ಆದರೆ ಇವಳು ಹೇಗೆ ಯೋಚಿಸುತ್ತಾಳೆ ಎಂಬುದು ಮಾತ್ರ ಕೊನೆಯವರೆಗೂ ತಿಳಿಯಲಿಲ್ಲ.

ಬೇರೆ ಓದಿನವರು ಕೆಲಸ ಕೇಳುವಾಗ ರೆಸ್ಯೂಮೆ, ಅಂಕಪಟ್ಟಿ ಕೊಟ್ಟರೆ ನಡೆಯುತ್ತದೆ. ಡಿಸೈನ್ ಓದಿದವರು ಜೊತೆಗೆ ತಾವು ಮಾಡಿದ ಕೆಲಸವನ್ನೂ ತೋರಿಸಬೇಕು. ಅದನ್ನು ಸ್ಲೈಡುಗಳಾಗಿ ಜೋಡಿಸಿ ಒಂದು ಪಿಡಿಎಫ್ ಮಾಡಿ ಕಳಿಸುತ್ತಾರೆ. ಅದಕ್ಕೆ ಡೆಕ್ ಎನ್ನುತ್ತಾರೆ. ಹೊಸಬರನ್ನು ಆರಿಸುವ ಸಂದರ್ಶನಗಳಲ್ಲಿ ನಾನು ಹಲವು ವರ್ಷ ಕೂತಿದ್ದೇನೆ. ಮೇಜಿನ ಈಚೆ ಕೂತವರಿಗೆ ಬೇಕಾದದ್ದು ಒಂದೇ: ಅಡ್ಡಿ ಎದುರಾದಾಗ ಈ ವ್ಯಕ್ತಿ ಏನನ್ನು ಆರಿಸಿದ, ಏನನ್ನು ಬಿಟ್ಟ, ಯಾಕೆ? ಅದನ್ನು ತೋರಿಸಲು 11 ಕೆಲಸ ಬೇಕಿಲ್ಲ. ಮೂರು ಸಾಕು, ಆದರೆ ಆ ಮೂರನ್ನು ಬಿಡಿಸಿ ತೋರಿಸಬೇಕು.

ನಾನು ಅವಳಿಗೆ ಕೇಳಿದೆ, “ಇದರಲ್ಲಿ ನಿನಗೆ ಅತಿ ಹೆಚ್ಚು ಕಷ್ಟ ಕೊಟ್ಟ ಕೆಲಸ ಯಾವುದಮ್ಮಾ?”

ಅವಳು ಸ್ವಲ್ಪ ಅಳುಕಿನಿಂದಲೇ ಹೇಳಿದಳು, “ಅದು ಇದರಲ್ಲಿ ಇಲ್ಲ ಮೇಡಂ. ಊರಿನ ಹಾಲಿನ ಡೇರಿ ಚೀಟಿ ಮಾಡಿದ್ದೆ. ನೋಡೋಕೆ ಚೆನ್ನಾಗಿಲ್ಲ ಅಂತ ತೆಗೆದುಬಿಟ್ಟೆ.”

ಕೊನೆಗೆ ಅದೇ ಅವಳ ಡೆಕ್ಕಿನ ಮೊದಲ ಪ್ರಾಜೆಕ್ಟಾಯಿತು.

ಡೇರಿಯಲ್ಲಿ ಹಾಲು ಹಾಕಿದವರಿಗೆ ಯಂತ್ರದಿಂದ ಒಂದು ಸಣ್ಣ ಚೀಟಿ ಬರುತ್ತದೆ. ದಿನಾಂಕ, ಹೊತ್ತು, ಸದಸ್ಯರ ಸಂಖ್ಯೆ, ಲೀಟರು, ಫ್ಯಾಟು, ಎಸ್‌ಎನ್‌ಎಫ್, ದರ, ಮೊತ್ತ ಎಲ್ಲವೂ ಅದರಲ್ಲಿರುತ್ತವೆ. ಇವಳ ಊರಿನ ಚೀಟಿಯಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ, ಒಂದೇ ಗಾತ್ರದಲ್ಲಿ ಇದ್ದವು. ಇವಳು ಒಂದು ವಾರ ಬೆಳಗ್ಗೆ ಡೇರಿ ಬಾಗಿಲಲ್ಲಿ ನಿಂತು, ಜನ ಚೀಟಿ ಕೈಗೆ ಬಂದ ಕೂಡಲೇ ಎಲ್ಲಿ ನೋಡುತ್ತಾರೆ ಎಂದು ಗಮನಿಸಿದಳು. ಒಂಬತ್ತು ಜನರನ್ನು ಮಾತಾಡಿಸಿದಳು. ಒಬ್ಬ ಹೆಂಗಸು ಹೇಳಿದ ಮಾತನ್ನು ಹಾಗೆಯೇ ಬರೆದುಕೊಂಡಿದ್ದಳು: “ಫ್ಯಾಟ್ ಎಷ್ಟ್ ಬಂತು, ರೊಕ್ಕ ಎಷ್ಟಾತು, ಅಷ್ಟ ನೋಡತೇನವಾ. ಉಳದದ್ದು ಡೇರಿಯವ್ರಿಗೆ ಬೇಕು.”

ಮೊದಲ ಡೆಕ್ಕಿನಲ್ಲಿ ಇಂಥ ಪುಟಗಳಿಗೆಲ್ಲ ‘ಸಂಶೋಧನೆ’ ಎಂಬ ತಲೆಬರಹ ಇತ್ತು. ಪಕ್ಕದಲ್ಲಿ ಎರಡು ವಜ್ರದಾಕಾರದ ಆ ಪರಿಚಿತ ನಕ್ಷೆ. ಬ್ರಿಟನ್ನಿನ ಡಿಸೈನ್ ಕೌನ್ಸಿಲ್ ರೂಪಿಸಿದ ‘ಡಬಲ್ ಡೈಮಂಡ್’ ಅದು. ಕಲಿಯುವಾಗ ಉಪಯೋಗಕ್ಕೆ ಬರುವ ನಕ್ಷೆ ನಿಜ, ಆದರೆ ಎಲ್ಲರ ಡೆಕ್ಕಿನಲ್ಲೂ ಅದೇ ಇರುವುದರಿಂದ ಇವಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅದನ್ನು ತೆಗೆದು ತಲೆಬರಹವನ್ನು ಪೂರ್ತಿ ವಾಕ್ಯವಾಗಿ ಬರೆಸಿದೆ: ‘ಚೀಟಿಯಲ್ಲಿ ರೈತರು ನೋಡುವುದು ಎರಡೇ ಅಂಕಿ, ಫ್ಯಾಟು ಮತ್ತು ಹಣ.’ ಕೆಳಗೆ ಹಳೆಯ ಚೀಟಿಯ ದೊಡ್ಡ ಫೋಟೊ, ಆ ಎರಡು ಅಂಕಿಗಳ ಸುತ್ತ ಕೆಂಪು ಗೆರೆ. ಅಷ್ಟೇ. ನೋಡುವವರು ಹತ್ತು ಸೆಕೆಂಡಿನಲ್ಲಿ ವಿಷಯ ಹಿಡಿಯುತ್ತಾರೆ.

ಮುಂದಿನ ಪುಟದಲ್ಲಿ ಕೈಬಿಟ್ಟ ಪ್ರಯತ್ನ. ಒಂದು ವಾರದ ಫ್ಯಾಟನ್ನು ಕಂಬಗಳಲ್ಲಿ ತೋರಿಸುವ ಚಿತ್ರವನ್ನು ಇವಳು ಚೀಟಿಯ ಕೆಳಗೆ ಹಾಕಿದ್ದಳು. ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಚೀಟಿ ಎರಡರಷ್ಟು ಉದ್ದವಾಗಿ, ಕಾಗದದ ಸುರುಳಿ ಅರ್ಧ ದಿನಕ್ಕೇ ಮುಗಿಯುತ್ತದೆ ಎಂದು ಡೇರಿ ಕಾರ್ಯದರ್ಶಿ ಹೇಳಿದರು. ಕಂಬಗಳು ಹೋದವು. ಅವುಗಳ ಜಾಗಕ್ಕೆ ‘ನಿನ್ನೆ 4.3, ಇಂದು 4.1’ ಎಂಬ ಒಂದೇ ಸಾಲು ಬಂತು.

ನಾನು ತುಂಬ ಹೊತ್ತು ನೋಡುತ್ತ ಕೂತದ್ದು ಅದರ ನಂತರದ ಪುಟವನ್ನು. ಇಂಥ ಚೀಟಿಯ ಪ್ರಿಂಟರಿನ ಕಾಗದ 58 ಮಿಲಿಮೀಟರ್ ಅಗಲ. ಅಚ್ಚು ಬೀಳುವುದು ಅದರಲ್ಲಿ 48 ಮಿಲಿಮೀಟರಿನಷ್ಟು ಮಾತ್ರ, ಒಂದು ಮಿಲಿಮೀಟರಿಗೆ 8 ಚುಕ್ಕಿಯಂತೆ. ಮೂರು ಮಿಲಿಮೀಟರ್ ಎತ್ತರದಲ್ಲಿ ಕನ್ನಡ ಪದವೊಂದನ್ನು ಕೂರಿಸಿದರೆ ಒಟ್ಟು 24 ಚುಕ್ಕಿ ಸಿಗುತ್ತವೆ. ಇಂಗ್ಲಿಷ್ ಅಕ್ಷರಕ್ಕೆ ಅದು ಧಾರಾಳವಾಯಿತು. ಕನ್ನಡದಲ್ಲಿ ಅಷ್ಟರಲ್ಲೇ ಮೇಲೆ ಗುಣಿತದ ಚಿಹ್ನೆ, ನಡುವೆ ಅಕ್ಷರ, ಕೆಳಗೆ ಒತ್ತು ಎಲ್ಲಕ್ಕೂ ಜಾಗ ಆಗಬೇಕು. ಒತ್ತಿಗೆ ಉಳಿಯುವುದು ಏಳೆಂಟು ಚುಕ್ಕಿ. ಇವಳು ‘ಮೊತ್ತ’ ಎಂದು ಅಚ್ಚು ಹಾಕಿದಾಗ ಕೆಳಗಿನ ತ ಒತ್ತು ಕಪ್ಪು ಉಂಡೆಯಾಗಿ ಬಂತು. ಆ ಉಂಡೆಯನ್ನು ಹತ್ತಿರದಿಂದ ಫೋಟೊ ತೆಗೆದು ಪುಟದ ಎಡಕ್ಕೆ ಇಟ್ಟಳು. ಬಲಕ್ಕೆ ಅವಳ ಪರಿಹಾರ: ‘ಮೊತ್ತ’ ಹೋಗಿ ‘ಹಣ’ ಬಂದಿದೆ. ಒತ್ತೇ ಇಲ್ಲದ ಪದ, ಸಣ್ಣ ಗಾತ್ರದಲ್ಲೂ ಸ್ಪಷ್ಟ. ‘ಫ್ಯಾಟ್’ ಎಂಬುದಕ್ಕೆ ಊರಲ್ಲಿ ಬೇರೆ ಪದ ಬಳಕೆಯಲ್ಲಿಲ್ಲ, ಹಾಗಾಗಿ ಅದನ್ನು ಉಳಿಸಿಕೊಂಡು ಗಾತ್ರವನ್ನು ಐದು ಮಿಲಿಮೀಟರಿಗೆ ಏರಿಸಿದ್ದಳು.

ಈ ಒಂದು ಪುಟದಲ್ಲಿ ಅವಳ ಓದು, ಭಾಷೆ, ಯಂತ್ರದ ಅರಿವು ಮೂರೂ ಕಾಣುತ್ತವೆ. ಇದನ್ನೇ ಅವಳು ‘ಚೆನ್ನಾಗಿಲ್ಲ’ ಎಂದು ತೆಗೆದುಹಾಕಿದ್ದಳು.

ಈ ಪ್ರಾಜೆಕ್ಟಿನ ಕೊನೆಯ ಪುಟದಲ್ಲಿ ಮಿತಿಯನ್ನೂ ಬರೆಸಿದೆ. ಹೊಸ ಚೀಟಿಯನ್ನು ತೋರಿಸಿದ್ದು ಒಂಬತ್ತು ಜನರಿಗೆ ಮಾತ್ರ. ಯಂತ್ರದ ಸಾಫ್ಟ್‌ವೇರ್ ಸಂಘದ ಕೈಯಲ್ಲಿಲ್ಲದ ಕಾರಣ ಡೇರಿ ಅದನ್ನು ಬಳಸಲಿಲ್ಲ. ಇದನ್ನು ಮುಚ್ಚಿಟ್ಟು ‘ರೈತರ ಸಮಯ ಶೇ 40 ಉಳಿತಾಯ’ ಎಂದು ಬರೆಯುವವರಿದ್ದಾರೆ. ಹೇಗೆ ಅಳೆದಿರಿ ಎಂದು ಕೇಳಿದ ಕೂಡಲೇ ಆ ಲೆಕ್ಕ ಬಿದ್ದುಹೋಗುತ್ತದೆ. ಅದರೊಂದಿಗೆ ಉಳಿದ ಪುಟಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

ಉಳಿದ ಎರಡನ್ನು ಆರಿಸುವಾಗ, ಮೊದಲನೆಯದು ಹೇಳದೆ ಬಿಟ್ಟದ್ದನ್ನು ಅವು ಹೇಳಬೇಕು ಎಂದು ನೋಡಿದೆವು. ಚೀಟಿ ಇವಳು ಒಬ್ಬಳೇ ಮಾಡಿದ್ದು. ಆದ್ದರಿಂದ ಎರಡನೆಯದು ಗುಂಪಿನ ಕೆಲಸ: ನಾಲ್ವರು ಸೇರಿ ಬಸ್ ನಿಲ್ದಾಣವೊಂದಕ್ಕೆ ಮಾಡಿದ ದಾರಿಫಲಕಗಳು. ಇಲ್ಲಿ ಹೊಸಬರು ಎಡವುವುದು ‘ನಾವು ಮಾಡಿದೆವು’ ಎಂಬ ಮಾತಿನಲ್ಲಿ. ಒಂದೇ ತರಗತಿಯ ಇಬ್ಬರು ಒಂದೇ ಫಲಕವನ್ನು ತಮ್ಮದೆಂದು ತೋರಿಸಿದ್ದನ್ನು ನಾನು ಒಂದೇ ದಿನ ನೋಡಿದ್ದೇನೆ. ಅದಕ್ಕೇ ಮೊದಲ ಪುಟದಲ್ಲೇ ಬರೆಸಿದೆ: ‘ನಾಲ್ವರ ತಂಡ. ನನ್ನ ಪಾಲು ಕನ್ನಡ ಅಕ್ಷರಗಳ ಗಾತ್ರ, ಬಾಣದ ಗುರುತು.’ ಮುಂದಿನ ಮೂರು ಪುಟಗಳಲ್ಲಿ ಅವಳ ಪಾಲಿನದ್ದು ಮಾತ್ರ ದೊಡ್ಡದಾಗಿ ಇದೆ.

ಮೂರನೆಯದು ಬ್ಯಾಡಗಿ ಮೆಣಸಿನ ಪುಡಿಯ ಪೊಟ್ಟಣ, ಹೆಣ್ಣುಮಕ್ಕಳ ಸ್ವಸಹಾಯ ಸಂಘವೊಂದಕ್ಕೆ ಮಾಡಿದ್ದು. ಬ್ಯಾಡಗಿ ಮೆಣಸಿಗೆ ಖಾರ ಕಡಿಮೆ, ಬಣ್ಣ ಹೆಚ್ಚು, ಮೈಯೆಲ್ಲ ಸುಕ್ಕು. ಆ ಸುಕ್ಕಿನ ಗೆರೆಗಳನ್ನೇ ಅವಳು ವಿನ್ಯಾಸ ಮಾಡಿದ್ದಳು. ಹಳೆಯ ಡೆಕ್ಕಿನಲ್ಲಿದ್ದದ್ದು ಪೊಟ್ಟಣದ ಮುಂಭಾಗ ಮಾತ್ರ, ಕಂಪ್ಯೂಟರಿನಲ್ಲಿ ಮಾಡಿದ ಹೊಳೆಯುವ ಚಿತ್ರ. ನಾನು ಹಿಂಭಾಗ ಕೇಳಿದೆ. ನಿವ್ವಳ ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ದಿನ, ತಯಾರಕರ ವಿಳಾಸ, ಹಸಿರು ಚುಕ್ಕಿಯ ಸಸ್ಯಾಹಾರದ ಗುರುತು, ಆಹಾರ ಪರವಾನಗಿಯ 14 ಅಂಕಿಗಳ ಸಂಖ್ಯೆ, ಇವಕ್ಕೆಲ್ಲ ಜಾಗ ಮಾಡಿದ ಪೊಟ್ಟಣವೇ ಅಂಗಡಿಯ ಕಪಾಟು ಸೇರುವುದು. ಇವಳ ಹತ್ತಿರ ಹಿಂಭಾಗವೂ ಇತ್ತು, ಸಂಘದವರಿಗೆ ಮಾಡಿಕೊಟ್ಟಿದ್ದಳು. ಸೊಗಸಲ್ಲವೆಂದು ಅದನ್ನೂ ತೋರಿಸಿರಲಿಲ್ಲ! ಈಗ ಹಿಂಭಾಗಕ್ಕೆ ಪೂರ್ತಿ ಒಂದು ಪುಟ. ಅಚ್ಚಾದ ಪೊಟ್ಟಣವನ್ನು ಸಂಘದ ಸದಸ್ಯೆ ಕೈಯಲ್ಲಿ ಹಿಡಿದ ಫೋಟೊ, ಅವರ ಒಪ್ಪಿಗೆ ಪಡೆದು, ಕೊನೆಯಲ್ಲಿ.

ಕ್ರಮಕ್ಕೂ ಕಾರಣವಿದೆ. ಅರ್ಜಿಗಳ ರಾಶಿಯ ನಡುವೆ ಡೆಕ್ ತೆರೆಯುವವರು ಮೊದಲ ಕೆಲವು ಪುಟ ನೋಡಿ ಮುಂದೆ ಓದಬೇಕೋ ಬೇಡವೋ ತೀರ್ಮಾನಿಸುತ್ತಾರೆ. ಹಾಗಾಗಿ ಗಟ್ಟಿ ಕೆಲಸ ಮೊದಲು. ಸಂದರ್ಶನ ಮುಗಿಯುವ ಹೊತ್ತಿಗೆ ಪರದೆಯ ಮೇಲೆ ಉಳಿಯುವುದು ಮೂರನೆಯದು, ಅದಕ್ಕಾಗಿ ಎರಡನೇ ಗಟ್ಟಿ ಕೆಲಸ ಅಲ್ಲಿ. ಗುಂಪಿನದು ನಡುವೆ. ಹೆಸರಿನ ಪುಟ 1, ಮೂರೂ ಕೆಲಸಗಳನ್ನು ಒಟ್ಟಿಗೆ ತೋರಿಸುವ ಪುಟ 1, ಚೀಟಿಗೆ 6, ಫಲಕಕ್ಕೆ 4, ಪೊಟ್ಟಣಕ್ಕೆ 5, ಫೋನ್ ಮತ್ತು ಇಮೇಲ್ ಇರುವ ಕೊನೆಯ ಪುಟ 1. ಒಟ್ಟು 18. ‘ಫೋಟೊಶಾಪ್ ಶೇ 85’ ಎಂದು ಪಟ್ಟಿಗಳಲ್ಲಿ ತೋರಿಸಿದ್ದ ಪುಟವನ್ನು ತೆಗೆದೆವು. ಯಾವುದರ 85 ಎಂದು ಕೇಳಿದರೆ ಯಾರ ಹತ್ತಿರವೂ ಉತ್ತರವಿಲ್ಲ.

ಕಳಿಸುವ ಮುಂಚೆ ಇನ್ನೊಂದು ಪರೀಕ್ಷೆ ಉಳಿದಿತ್ತು. ಕನ್ನಡ ಅಕ್ಷರ ಬಳಸುವವರು ಇದನ್ನು ಬಿಡಲೇಬಾರದು. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಸ್ಲೈಡನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯುನಿಕೋಡ್ ಬಳಸಿದರೂ ಕೆಲವು ಅಡೋಬಿ ತಂತ್ರಾಂಶಗಳಲ್ಲಿ ‘ವರ್ಲ್ಡ್ ರೆಡಿ’ ಎಂಬ ಆಯ್ಕೆಯನ್ನು ಹಾಕದಿದ್ದರೆ ಒತ್ತು ಕೆಳಗೆ ಇಳಿಯುವುದಿಲ್ಲ. ‘ಅಕ್ಕಿ’ ಎಂಬುದು ‘ಅಕ್‌ಕಿ’ ಆಗಿ ನಿಲ್ಲುತ್ತದೆ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿನ ಅಳತೆಗೆ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತದ ಚಿಹ್ನೆಗೆ ತಾಗುತ್ತದೆ. ಡಿಸೈನ್ ಕೆಲಸಕ್ಕೆ ಹಾಕಿದ ಅರ್ಜಿಯಲ್ಲಿ ಇದು ಸಣ್ಣ ತಪ್ಪಲ್ಲ. ಅವಳು ಫಾಂಟುಗಳು ಒಳಗೇ ಸೇರುವಂತೆ ಪಿಡಿಎಫ್ ಮಾಡಿದಳು, ಫೋಟೊಗಳ ಅಗಲವನ್ನು ಪುಟದ ಅಳತೆಯಾದ 1920 ಪಿಕ್ಸೆಲಿಗೆ ಇಳಿಸಿದಳು. 60 ಎಂಬಿ ಮೀರಿದ್ದ ಕಡತ 8ಕ್ಕೆ ಬಂತು. ಜಿಮೇಲಿನಲ್ಲಿ 25 ಎಂಬಿಗಿಂತ ದೊಡ್ಡದನ್ನು ನೇರವಾಗಿ ಲಗತ್ತಿಸಲು ಆಗುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಕೊನೆಗೆ ಪಕ್ಕದ ಮನೆಯವರ ಹಳೆಯ ಮೊಬೈಲಿನಲ್ಲಿ ತೆರೆದು ನೋಡಿದಳು. ಎರಡು ಪುಟಗಳ ಅಕ್ಷರ ಓದಲಾಗದಷ್ಟು ಸಣ್ಣದಿತ್ತು, ದೊಡ್ಡದು ಮಾಡಿದಳು.

ಅದೇ ಸಂಜೆ ಅವಳ ಅಪ್ಪನಿಗೆ ಬರೀ ತಲೆಬರಹಗಳನ್ನು ಓದಿ ಹೇಳಲು ಹೇಳಿದೆ. ಅವರು ಹಾಲು ಹಾಕುವವರು, ಡಿಸೈನ್ ಎಂದರೆ ಏನೆಂದು ಮಗಳನ್ನು ನಾಲ್ಕು ವರ್ಷ ಕೇಳುತ್ತಲೇ ಬಂದವರು. ಫೋನಿನಲ್ಲಿ ಚೀಟಿಯ ಆರು ತಲೆಬರಹ ಕೇಳಿ, “ನಿನ್ನೆದೂ ಇವತ್ತಿಂದೂ ಫ್ಯಾಟ್ ಬಾಜೂಕ ಹಾಕಿದ್ದು ಚಲೋ ಆತು ನೋಡು. ಆದ್ರ ಸಂಜಿ ಹಾಲಿಗೂ ಬೆಳಗಿನ ಹಾಲಿಗೂ ಫ್ಯಾಟ್ ಬ್ಯಾರೆ ಇರತೈತಿ, ಬೆಳಗಿಂದು ಬೆಳಗಿಂದಕ್ಕ ಹೋಲಿಸಿಯೇನು?” ಎಂದರಂತೆ.

ಅವಳು ಹೋಲಿಸಿರಲಿಲ್ಲ. ರಾತ್ರಿ ಕೂತು ಆ ಸಾಲನ್ನು ತಿದ್ದಿದಳು: ‘ನಿನ್ನೆ ಬೆಳಗ್ಗೆ 4.3, ಇಂದು ಬೆಳಗ್ಗೆ 4.1’. ತಿದ್ದುವ ಮುಂಚಿನ ಸಾಲನ್ನೂ ಪುಟದ ಮೂಲೆಯಲ್ಲಿ ಉಳಿಸಿಕೊಂಡಳು. ಯಾರು ತೋರಿಸಿಕೊಟ್ಟರು ಎಂಬುದನ್ನು ಅದರ ಕೆಳಗೆ ಬರೆದಳು.