‘ಗೊತ್ತಿಲ್ಲ’ ಎನ್ನಲಾಗದ ವಾರ್ಡು

ಬಿ.ಎಸ್ಸಿ. ನರ್ಸಿಂಗ್ ಸೇರಿದ ಹುಡುಗಿ ಮೊದಲ ವರ್ಷದಲ್ಲೇ ಯೂನಿಫಾರ್ಮ್ ತೊಟ್ಟು ಆಸ್ಪತ್ರೆಯ ವಾರ್ಡಿಗೆ ಕಾಲಿಡುತ್ತಾಳೆ. ಲ್ಯಾಬಿನ ಗೊಂಬೆಯ ಮೇಲೆ ಬೆಡ್ ಬಾತ್ ಕಲಿತಿರುತ್ತಾಳೆ, ಗೆಳತಿಯ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿರುತ್ತಾಳೆ. ವಾರ್ಡಿನಲ್ಲಿರುವುದು ಗೊಂಬೆಯಲ್ಲ, ನರಳುವ ಮನುಷ್ಯರು. ಈ ಕ್ಲಿನಿಕಲ್ ಪೋಸ್ಟಿಂಗ್ ಹೇಗಿತ್ತು ಎಂದು ಕಾಲೇಜು ಪ್ರಶ್ನಾವಳಿ ಹಂಚಿದರೆ ‘ತೃಪ್ತಿಕರ’ ಎಂಬ ಚೌಕದಲ್ಲಿ ಆಕೆ ಟಿಕ್ ಹಾಕುತ್ತಾಳೆ. ಆ ಟಿಕ್ಕಿನಿಂದ ಸರಾಸರಿ ತೆಗೆಯಬಹುದು. ಆದರೆ ಆಕೆ ವಾರ್ಡಿನಲ್ಲಿ ನಿಜವಾಗಿ ಏನು ಕಲಿತಳು ಎಂಬುದು ಅದರಿಂದ ತಿಳಿಯುವುದಿಲ್ಲ.

ಕೂತು ಮಾತನಾಡಿಸಿದರೆ ಏನು ಸಿಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನ ಕ್ಯಾಥ್ ಮೇಲಿಯಾ ಅವರ ಅಧ್ಯಯನ ಒಳ್ಳೆಯ ಉದಾಹರಣೆ. 40 ನರ್ಸಿಂಗ್ ವಿದ್ಯಾರ್ಥಿಗಳನ್ನು ಮಾತನಾಡಿಸಿ ಅವರು ಬರೆದ ಪುಸ್ತಕ 1987ರಲ್ಲಿ ಬಂತು. ತರಗತಿಯಲ್ಲಿ ರೋಗಿಯೊಂದಿಗೆ ಮಾತನಾಡಬೇಕೆಂದು ಕಲಿಸುತ್ತಾರೆ. ವಾರ್ಡಿಗೆ ಹೋದರೆ ರೋಗಿಯ ಪಕ್ಕ ಕೂತು ಮಾತನಾಡುವುದನ್ನು ಯಾರೂ ಕೆಲಸವೆಂದು ಲೆಕ್ಕಕ್ಕಿಡುವುದಿಲ್ಲ. ಹಾಗಾಗಿ ವಿದ್ಯಾರ್ಥಿಗಳು ಕೆಲಸ ಬೇಗ ಮುಗಿಸುವುದನ್ನೂ ವಾರ್ಡಿನವರೊಂದಿಗೆ ಹೊಂದಿಕೊಂಡು ಹೋಗುವುದನ್ನೂ ಕಲಿಯುತ್ತಾರೆ ಎಂದು ಮೇಲಿಯಾ ಕಂಡುಕೊಂಡರು. ಇಂಥದ್ದನ್ನು ಯಾವ ಪ್ರಶ್ನಾವಳಿಯೂ ಮೊದಲೇ ಊಹಿಸಿ ಕೇಳಲಾರದು.

ಕರ್ನಾಟಕದಲ್ಲಿ ಎಂ.ಎಸ್ಸಿ. ನರ್ಸಿಂಗ್ ಓದುವವರು ಪ್ರಬಂಧ ಬರೆಯಲೇಬೇಕು. ಅದಕ್ಕೆ ಮೊದಲು ಸಲ್ಲಿಸುವ ಯೋಜನೆಗೆ ಕಾಲೇಜುಗಳಲ್ಲಿ ‘ಸಿನಾಪ್ಸಿಸ್’ ಎನ್ನುತ್ತಾರೆ. ಅಂಥ ಒಬ್ಬಾಕೆ ‘ಮೊದಲ ವರ್ಷದ ವಿದ್ಯಾರ್ಥಿಗಳ ಮೊದಲ ಕ್ಲಿನಿಕಲ್ ಪೋಸ್ಟಿಂಗ್ ಅನುಭವ’ ಎಂಬ ವಿಷಯದ ಮೇಲೆ ಗುಣಾತ್ಮಕ ಅಧ್ಯಯನ ಮಾಡಲು ಹೊರಟಿದ್ದಾಳೆ ಎಂದುಕೊಳ್ಳೋಣ. ಇಲ್ಲಿ ಬರುವ ವಿದ್ಯಾರ್ಥಿಗಳ ಮಾತುಗಳೂ ವಿವರಣೆಗಾಗಿ ಕಟ್ಟಿದ ಮಾದರಿಗಳೇ. ಅಧ್ಯಯನದ ಹೆಜ್ಜೆಗಳು ಮಾತ್ರ ನಿಜವಾದವು.

ಆಕೆ ಮೊದಲು ಬಿಡಿಸಿಕೊಳ್ಳಬೇಕಾದ ತೊಡಕು ಪ್ರಶ್ನೆಗಳದ್ದಲ್ಲ, ತನ್ನದೇ ಸ್ಥಾನದ್ದು. ಎಂ.ಎಸ್ಸಿ. ವಿದ್ಯಾರ್ಥಿನಿ ಎಷ್ಟೋ ಸಲ ಕಿರಿಯರನ್ನು ವಾರ್ಡಿನಲ್ಲಿ ನೋಡಿಕೊಳ್ಳುವವಳೂ ಹೌದು, ಅವರ ಲಾಗ್ ಬುಕ್ಕಿಗೆ ಸಹಿ ಹಾಕುವವಳೂ ಹೌದು. ಇಂಟರ್ನಲ್ ಮಾರ್ಕ್ಸ್ ಯಾರ ಕೈಯಲ್ಲಿದೆಯೋ ಅವರ ಮುಂದೆ ಹದಿನೆಂಟರ ಹುಡುಗಿ, ‘ಎಲ್ಲ ಚೆನ್ನಾಗಿತ್ತು ಮ್ಯಾಮ್’ ಎನ್ನದೆ ಬೇರೇನು ಹೇಳಿಯಾಳು? ಆದ್ದರಿಂದ ತಾನು ಪಾಠ ಮಾಡದ, ಅಂಕ ಕೊಡದ ಕಾಲೇಜಿನ ವಿದ್ಯಾರ್ಥಿಗಳನ್ನೇ ಮಾತನಾಡಿಸುತ್ತೇನೆಂದು ಆಕೆ ಸಿನಾಪ್ಸಿಸ್‌ನಲ್ಲಿ ಸ್ಪಷ್ಟವಾಗಿ ಬರೆಯಬೇಕು. ಆ ಸೆಮಿಸ್ಟರಿನ ಅಂಕ ಪ್ರಕಟವಾದ ಮೇಲೆ, ವಾರ್ಡಿನಿಂದಲೂ ಪ್ರಿನ್ಸಿಪಾಲರ ಕೊಠಡಿಯಿಂದಲೂ ದೂರದ ಜಾಗದಲ್ಲಿ ಮಾತುಕತೆ ನಡೆಯಬೇಕು. ಇಷ್ಟನ್ನು ಸರಿಪಡಿಸದೆ ಮುಂದೆ ಎಷ್ಟೇ ಅಚ್ಚುಕಟ್ಟಾಗಿ ವಿಶ್ಲೇಷಿಸಿದರೂ ಕೈಯಲ್ಲಿರುವುದು ಮೇಡಂಗೆ ಒಪ್ಪಿಸಿದ ಉತ್ತರಗಳೇ.

ವಯಸ್ಸಿನ ವಿಷಯವನ್ನೂ ಹಲವರು ಗಮನಿಸುವುದಿಲ್ಲ. ಬಿ.ಎಸ್ಸಿ. ನರ್ಸಿಂಗ್ ಸೇರಲು 17 ತುಂಬಿದ್ದರೆ ಸಾಕು. ಹಾಗಾಗಿ ಮೊದಲ ವರ್ಷದವರಲ್ಲಿ ಕೆಲವರು ಕಾನೂನಿನ ಪ್ರಕಾರ ಇನ್ನೂ ಮಕ್ಕಳೇ. ಅಂಥವರನ್ನು ಸೇರಿಸಿಕೊಳ್ಳುವುದಾದರೆ ಅವರ ಒಪ್ಪಿಗೆಯ ಜೊತೆಗೆ ತಂದೆತಾಯಿಯ ಸಮ್ಮತಿ ಪತ್ರವೂ ಬೇಕು. ಇಲ್ಲವೇ 18 ತುಂಬಿದವರನ್ನು ಮಾತ್ರ ಆರಿಸಿಕೊಳ್ಳುವುದೆಂದು ಮೊದಲೇ ಬರೆಯಬೇಕು. ನೈತಿಕ ಸಮಿತಿ ಇದನ್ನು ಕೇಳಿಯೇ ಕೇಳುತ್ತದೆ.

ಎಷ್ಟು ಜನರನ್ನು ಮಾತನಾಡಿಸಬೇಕು? ಅಂಕಿಅಂಶದ ಅಧ್ಯಯನಕ್ಕೆ ರೂಢಿಯಾದವರಿಗೆ ‘12ರಿಂದ 15 ಮಂದಿ’ ಎಂದರೆ ಕಸಿವಿಸಿಯಾಗುತ್ತದೆ. ಘಾನಾ ಮತ್ತು ನೈಜೀರಿಯಾದಲ್ಲಿ 60 ಮಹಿಳೆಯರನ್ನು ಸಂದರ್ಶಿಸಿದ ಗ್ರೆಗ್ ಗೆಸ್ಟ್ ಮತ್ತು ಸಂಗಡಿಗರು, ಮೊದಲ 12 ಸಂದರ್ಶನಗಳಲ್ಲೇ ಬಹುತೇಕ ಹೊಸ ಅಂಶಗಳು ಬಂದುಬಿಟ್ಟಿದ್ದವೆಂದು 2006ರಲ್ಲಿ ತೋರಿಸಿದರು. ಅದು ಎಲ್ಲ ಅಧ್ಯಯನಕ್ಕೂ ಅನ್ವಯಿಸುವ ನಿಯಮವಲ್ಲ, ಅಂದಾಜು ಮಾತ್ರ. ಸಂಖ್ಯೆಗಿಂತ ಯಾರನ್ನು ಆರಿಸುತ್ತೇವೆ ಎಂಬುದು ಮುಖ್ಯ. ಹುಡುಗರೂ ಇರಬೇಕು, ಹುಡುಗಿಯರೂ ಇರಬೇಕು. ಸರ್ಕಾರಿ ಆಸ್ಪತ್ರೆಗೆ ಹೋದವರೂ ಖಾಸಗಿ ಆಸ್ಪತ್ರೆಗೆ ಹೋದವರೂ ಇರಬೇಕು. ಕನ್ನಡದ ಮಕ್ಕಳ ಜೊತೆಗೆ ಕೇರಳದಿಂದ ಬಂದು ಇಲ್ಲಿ ಓದುವವರೂ ಇರಬೇಕು.

ಇನ್ನು ಸಂದರ್ಶನದ ಮಾರ್ಗಸೂಚಿ. ಕರಡಿನಲ್ಲಿ ಸಾಮಾನ್ಯವಾಗಿ ಕಾಣುವ ಪ್ರಶ್ನೆ, ‘ಪೋಸ್ಟಿಂಗ್‌ನಲ್ಲಿ ನಿಮಗೆ ಯಾವ ಒತ್ತಡಗಳು ಎದುರಾದವು?’ ಒತ್ತಡ ಇತ್ತೆಂದು ಕೇಳುವವರೇ ತೀರ್ಮಾನಿಸಿಬಿಟ್ಟಿದ್ದಾರೆ. ಉತ್ತರದಲ್ಲಿ ‘ಕೆಲಸ ಜಾಸ್ತಿ, ಸಮಯ ಕಡಿಮೆ’ ಎಂಬ ಪಟ್ಟಿಯಷ್ಟೇ ಬರುತ್ತದೆ. ಪಟ್ಟಿಗಿಂತ ಘಟನೆಯನ್ನು ಕೇಳುವುದು ವಾಸಿ. ‘ಮೊದಲ ಸಲ ವಾರ್ಡಿಗೆ ಹೋದಿರಲ್ಲ, ಆವತ್ತು ಬೆಳಗ್ಗೆಯಿಂದ ಏನೇನಾಯಿತು, ಹೇಳಿ’ ಎಂದು ಆರಂಭಿಸಬಹುದು. ಮುಂದೆ ‘ನಿಮ್ಮ ಕೈಯಾರೆ ಮಾಡಿದ ಒಂದು ಕೆಲಸ ನೆನಪಿಸಿಕೊಳ್ಳಿ, ಅದು ಹೇಗೆ ನಡೆಯಿತು?’ ಎಂದೂ, ಆಮೇಲೆ ‘ಏನು ಮಾಡಬೇಕೆಂದು ತೋಚದ ಹೊತ್ತು ಯಾವುದಾದರೂ ಇತ್ತೇ? ಆಗ ಯಾರ ಹತ್ತಿರ ಹೋದಿರಿ?’ ಎಂದೂ ಕೇಳಬಹುದು. ಕೊನೆಯಲ್ಲಿ ‘ನಾನು ಕೇಳದೇ ಉಳಿದದ್ದು ಏನಾದರೂ ಇದೆಯೇ?’ ಎನ್ನಬೇಕು. ಇಂಥ ಆರೇಳು ಪ್ರಶ್ನೆಗಳು ಮುಕ್ಕಾಲು ಗಂಟೆಯ ಮಾತಿಗೆ ಸಾಕು. ‘ಆಮೇಲೆ?’, ‘ಆಗ ಪಕ್ಕದಲ್ಲಿ ಯಾರಿದ್ದರು?’, ‘ಚೆನ್ನಾಗಿತ್ತು ಅಂದಿರಲ್ಲ, ಅಂದರೆ ಏನಾಯಿತು?’ ಎಂಬ ಉಪಪ್ರಶ್ನೆಗಳನ್ನು ಕೆಳಗೆ ಬರೆದಿಟ್ಟುಕೊಂಡಿರಬೇಕು. ಮಾತು ಒಳಕ್ಕಿಳಿಯುವುದು ಹೆಚ್ಚಾಗಿ ಇವುಗಳಿಂದಲೇ.

ಹೀಗೆ ಕೇಳಿದಾಗ ಒಬ್ಬಾಕೆ ಹೇಳುತ್ತಾಳೆ: ‘ಮೂರನೇ ದಿನ ಬಿಪಿ ನೋಡೋಕೆ ಹೇಳಿದ್ರು. ಅಜ್ಜಿ ಕೈಗೆ ಪಟ್ಟಿ ಸುತ್ತಿದೆ, ಶಬ್ದ ಕೇಳಿಸ್ಲೇ ಇಲ್ಲ. ಮತ್ತೆ ಗಾಳಿ ಹಾಕಿದ್ರೆ ಅಜ್ಜಿಗೆ ನೋವು. ಸಿಸ್ಟರ್‌ನ ಕೇಳೋಣ ಅಂದ್ರೆ ಅವರು ಓಡಾಡ್ತಾನೇ ಇದ್ರು. ಹಿಂದಿನ ದಿನದ್ದು ನೋಡಿ ಅದೇ ಬರೆದ್ಬಿಟ್ಟೆ. ಬೈಸಿಕೊಳ್ಳೋದಕ್ಕಿಂತ ಅದೇ ವಾಸಿ ಅನ್ನಿಸ್ತು.’

ಈ ಐದಾರು ವಾಕ್ಯಗಳಲ್ಲೇ ವಿಶ್ಲೇಷಣೆಯ ದಾರಿಯನ್ನು ತೋರಿಸಬಹುದು. ಇಂಥ ಬರಹವನ್ನು ಬಿಡಿಸಿ ಅರ್ಥ ಹುಡುಕುವ ಥೀಮ್ಯಾಟಿಕ್ ಅನಾಲಿಸಿಸ್ ವಿಧಾನವನ್ನು ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ 2006ರಲ್ಲಿ ಆರು ಹಂತಗಳಲ್ಲಿ ವಿವರಿಸಿದರು. ಮೊದಲನೆಯದು ಓದಿ ಓದಿ ಮಾತುಗಳನ್ನು ಮನಸ್ಸಿಗೆ ಇಳಿಸಿಕೊಳ್ಳುವುದು. ರೆಕಾರ್ಡಿಂಗ್ ಅನ್ನು ಸಂಶೋಧಕಿಯೇ ಕೇಳಿ ಟೈಪ್ ಮಾಡಿದರೆ ಈ ಹಂತದ ಅರ್ಧ ಕೆಲಸ ಆದಂತೆ. ನಡುವೆ ನಕ್ಕದ್ದು, ತಡೆದದ್ದು, ದನಿ ತಗ್ಗಿಸಿದ್ದು ಎಲ್ಲ ದಾಖಲಾಗಬೇಕು. ಮಾತು ಕನ್ನಡದಲ್ಲಿದ್ದರೆ ಕನ್ನಡದಲ್ಲೇ ಟೈಪ್ ಮಾಡಿ, ಅದನ್ನೇ ವಿಶ್ಲೇಷಿಸಿ, ವರದಿಗೆ ಬೇಕಾದ ಸಾಲುಗಳನ್ನಷ್ಟೇ ಕೊನೆಯಲ್ಲಿ ಇಂಗ್ಲಿಷಿಗೆ ತರುವುದು ಒಳ್ಳೆಯದು. ಮೊದಲೇ ಇಂಗ್ಲಿಷ್ ಮಾಡಿಕೊಂಡರೆ ‘ಬರೆದ್ಬಿಟ್ಟೆ’ ಎಂಬಲ್ಲಿರುವ ಅಳುಕು ಮಾಯವಾಗುತ್ತದೆ.

ಎರಡನೆಯ ಹಂತ ಕೋಡಿಂಗ್. ಪ್ರತಿ ಸಾಲಿನ ಪಕ್ಕದಲ್ಲಿ ಅದರ ತಿರುಳನ್ನು ಚಿಕ್ಕದಾಗಿ ಬರೆಯುತ್ತಾ ಹೋಗಬೇಕು. ಮೇಲಿನ ಮಾತಿಗೆ ‘ರೋಗಿಗೆ ನೋವು ಕೊಡಲು ಹಿಂಜರಿಕೆ’, ‘ಸಿಸ್ಟರ್ ಕೈಗೆ ಸಿಗುವುದಿಲ್ಲ’, ‘ಬೈಗುಳ ತಪ್ಪಿಸಲು ಸುಳ್ಳು ದಾಖಲೆ’ ಎಂಬ ಕೋಡ್‌ಗಳು ಬರಬಹುದು. ‘ಸಮಸ್ಯೆ’ ಅಥವಾ ‘ಭಾವನೆ’ ಎಂದಷ್ಟೇ ಬರೆದರೆ ನಾಳೆ ಆ ಕೋಡ್ ನೋಡಿದಾಗ ಮೂಲ ಮಾತು ನೆನಪಾಗುವುದಿಲ್ಲ. ಅದೇ ತಪ್ಪಿನ ಗುರುತು.

ಮಾದರಿಯ ಇನ್ನೊಬ್ಬಾಕೆ ಕೊಟ್ಟಾಯಂನವಳು. ಕನ್ನಡ ಕಲಿಯುತ್ತಿದ್ದಾಳೆ. ರೋಗಿ ಹೇಳಿದ್ದು ಅರ್ಥವಾಗದಿದ್ದರೂ ತಲೆಯಾಡಿಸಿ ಬಂದೆ, ಮತ್ತೆ ಕೇಳಿದರೆ ಇವಳಿಗೇನೂ ಬರುವುದಿಲ್ಲ ಅಂದುಕೊಳ್ಳುತ್ತಾರೆ ಎನ್ನುತ್ತಾಳೆ. ಅವಸರದ ಸಂಶೋಧಕಿ ಇದನ್ನು ‘ಭಾಷೆಯ ತೊಂದರೆ’ ಎಂಬ ಪೆಟ್ಟಿಗೆಗೆ ಹಾಕಿಬಿಡುತ್ತಾಳೆ, ಬಿಪಿಯದ್ದನ್ನು ‘ಕೌಶಲದ ಕೊರತೆ’ಗೆ. ಹೀಗೆ ವಿಂಗಡಿಸಿದಾಗ ಸಿಗುವುದು ವಿಷಯಗಳ ಪಟ್ಟಿ, ಥೀಮ್ ಅಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಮೂರನೆಯ ಹಂತ ಶುರುವಾಗುತ್ತದೆ. ಇಬ್ಬರೂ ತಮಗೆ ಗೊತ್ತಿಲ್ಲ ಎಂಬುದನ್ನು ಮುಚ್ಚಿಟ್ಟಿದ್ದಾರೆ. ಅಲ್ಲಿಗೆ ‘ವಾರ್ಡಿನಲ್ಲಿ ಗೊತ್ತಿಲ್ಲ ಎನ್ನಲಾಗದು’ ಎಂಬ ಥೀಮ್ ರೂಪ ತಳೆಯುತ್ತದೆ. ಅದು ತಾನಾಗಿ ‘ಹೊರಹೊಮ್ಮಿತು’ ಎಂದು ಪ್ರಬಂಧಗಳಲ್ಲಿ ಬರೆಯುವುದುಂಟು. ಬ್ರೌನ್ ಮತ್ತು ಕ್ಲಾರ್ಕ್ ಇದನ್ನು ಒಪ್ಪುವುದಿಲ್ಲ. ಥೀಮನ್ನು ಕಟ್ಟಿದವಳು ಸಂಶೋಧಕಿಯೇ, ಹಾಗೆಂದು ಹೊಣೆ ಹೊತ್ತುಕೊಳ್ಳಬೇಕು.

ನಾಲ್ಕನೆಯ ಹಂತದಲ್ಲಿ ಆ ಥೀಮನ್ನು ಎಲ್ಲ ಸಂದರ್ಶನಗಳ ಮುಂದಿಟ್ಟು ಪರೀಕ್ಷಿಸಬೇಕು. ಮುಖ್ಯವಾಗಿ ಅದಕ್ಕೆ ಒಗ್ಗದ ಮಾತನ್ನೇ ಹುಡುಕಬೇಕು. ಒಬ್ಬ ಹುಡುಗ, ‘ಇನ್‌ಚಾರ್ಜ್ ಸಿಸ್ಟರ್ ಮೊದಲ ದಿನಾನೇ, ಗೊತ್ತಾಗದಿದ್ರೆ ನನ್ನನ್ನೇ ಕೇಳು ಅಂದಿದ್ರು, ಎಷ್ಟು ಸಲ ಬೇಕಾದ್ರೂ ಕೇಳ್ತಿದ್ದೆ’ ಎಂದಿದ್ದಾನೆ ಎನ್ನೋಣ. ಇದನ್ನು ಪಕ್ಕಕ್ಕೆ ತಳ್ಳುವಂತಿಲ್ಲ. ಮುಚ್ಚಿಟ್ಟದ್ದು ವಿದ್ಯಾರ್ಥಿಯ ಸ್ವಭಾವದಿಂದಲ್ಲ, ಕೇಳಲು ಅನುಮತಿ ಕೊಟ್ಟವರು ಇದ್ದರೋ ಇಲ್ಲವೋ ಎಂಬುದರಿಂದ ಎಂದು ಥೀಮ್ ತಿದ್ದಿಕೊಳ್ಳುತ್ತದೆ. ಇಡೀ ಅಧ್ಯಯನದ ಅತ್ಯಂತ ಉಪಯುಕ್ತ ಸಾಲು ಇಂಥ ಅಪವಾದದಿಂದಲೇ ಬರಬಹುದು. ಉಳಿದ ಎರಡು ಹಂತಗಳಲ್ಲಿ ಥೀಮಿಗೆ ಖಚಿತ ಹೆಸರು ಕೊಟ್ಟು ಅದರ ಗಡಿ ಗುರುತಿಸುವುದು, ಆಮೇಲೆ ಮೂಲ ಮಾತುಗಳನ್ನು ಆಧಾರವಾಗಿಟ್ಟು ವರದಿ ಬರೆಯುವುದು.

ಪರೀಕ್ಷಕರು ‘ಇಬ್ಬರು ಬೇರೆಬೇರೆಯಾಗಿ ಕೋಡ್ ಮಾಡಿ ಹೋಲಿಕೆಯ ಶೇಕಡಾ ಎಷ್ಟು?’ ಎಂದು ಕೇಳಬಹುದು. ಬ್ರೌನ್ ಮತ್ತು ಕ್ಲಾರ್ಕ್ ಅವರ ವಿಧಾನದಲ್ಲಿ ಅದು ಅಳತೆಗೋಲೇ ಅಲ್ಲ. ಓದುವವರ ಹಿನ್ನೆಲೆ ಅರ್ಥದೊಳಗೆ ಸೇರುತ್ತದೆಂದು ಒಪ್ಪಿಕೊಂಡೇ ಈ ವಿಧಾನ ನಡೆಯುತ್ತದೆ. ಅದರ ಬದಲು ಸಂಶೋಧಕಿ ದಿನಚರಿ ಇಡುತ್ತಾಳೆ. ತಾನೂ ಮೊದಲ ಪೋಸ್ಟಿಂಗ್‌ನಲ್ಲಿ ಬೈಸಿಕೊಂಡಿದ್ದರಿಂದ ಬೈಗುಳದ ಮಾತುಗಳೇ ಕಣ್ಣಿಗೆ ಬೀಳುತ್ತಿವೆಯೇ ಎಂದು ಅಲ್ಲಿ ಬರೆದುಕೊಳ್ಳುತ್ತಾಳೆ. ಯಾವ ಕೋಡ್ ಯಾವಾಗ ಏಕೆ ಬದಲಾಯಿತೆಂಬ ದಾಖಲೆಯನ್ನೂ ಉಳಿಸಿಕೊಳ್ಳುತ್ತಾಳೆ.

ಒಂದು ಕಠಿಣ ಪ್ರಶ್ನೆ ಉಳಿದಿದೆ. ಬಿಪಿ ನೋಡದೆ ಬರೆದೆ ಎಂದು ಹುಡುಗಿ ನಂಬಿ ಹೇಳಿಬಿಟ್ಟಳು. ಗುಟ್ಟು ಕಾಯುತ್ತೇವೆಂದು ಮಾತು ಕೊಟ್ಟಾಗಿದೆ, ಆದರೆ ಅತ್ತ ರೋಗಿಯ ಸುರಕ್ಷತೆ ಇದೆ. ಇದನ್ನು ಸಂದರ್ಶನದ ಹೊತ್ತಿನಲ್ಲಿ ಯೋಚಿಸಲಾಗದು. ರೋಗಿಗೆ ಈಗಲೂ ಅಪಾಯವಿರುವಂಥ ವಿಷಯ ತಿಳಿದರೆ ಗುಟ್ಟಿನ ಮಿತಿ ಎಲ್ಲಿಗೆ, ಯಾರಿಗೆ ತಿಳಿಸಲಾಗುತ್ತದೆ ಎಂಬುದು ಸಮ್ಮತಿ ಪತ್ರದಲ್ಲಿ ಸರಳ ಕನ್ನಡದಲ್ಲಿ ಇರಬೇಕು. ಮಾತಾಡುತ್ತಾ ಅತ್ತುಬಿಡುವ ವಿದ್ಯಾರ್ಥಿಗೆ ಯಾವ ಆಪ್ತಸಮಾಲೋಚಕರ ನೆರವು ಸಿಗುತ್ತದೆ ಎಂಬುದೂ ಅಲ್ಲೇ ಇರಬೇಕು.

ಇಂಥ ಅಧ್ಯಯನಕ್ಕೆ ಸಿನಾಪ್ಸಿಸ್ ಬರೆಯುತ್ತಿರುವವರಲ್ಲಿ ಒಂದು ವಿನಂತಿ. ಮಾರ್ಗಸೂಚಿಯನ್ನು ಗೈಡ್ ಒಪ್ಪಿದ ಮೇಲೂ, ನೈತಿಕ ಸಮಿತಿಯ ಅನುಮತಿ ಸಿಕ್ಕ ಕೂಡಲೇ ಒಬ್ಬ ವಿದ್ಯಾರ್ಥಿಯನ್ನು ಮೊದಲು ಮಾತನಾಡಿಸಿ, ಆ ಮಾತನ್ನು ನೀವೇ ಪೂರ್ತಿ ಟೈಪ್ ಮಾಡಿ. ಒಂದು ಗಂಟೆಯ ಮಾತು ಟೈಪಿಸಲು ಒಂದು ಇಡೀ ದಿನ ಹಿಡಿಯಬಹುದು. ವೇಳಾಪಟ್ಟಿಯಲ್ಲಿ ಅಷ್ಟು ಸಮಯ ಇಟ್ಟಿದ್ದೀರಾ ಎಂಬುದು ಅಲ್ಲೇ ಗೊತ್ತಾಗುತ್ತದೆ. ಪುಟಗಳಲ್ಲಿ ನಿಮ್ಮ ಮಾತೇ ಹೆಚ್ಚಿದ್ದು ವಿದ್ಯಾರ್ಥಿಯದ್ದು ‘ಹೂಂ ಮ್ಯಾಮ್’ ಎಂಬಲ್ಲಿಗೆ ನಿಂತಿದ್ದರೆ, ಉಳಿದವರನ್ನು ಕರೆಯುವ ಮೊದಲು ಪ್ರಶ್ನೆಗಳನ್ನು ಬದಲಿಸಿ, ತಿದ್ದಿದ ಪ್ರತಿಯನ್ನು ಮತ್ತೆ ಸಮಿತಿಯ ಗಮನಕ್ಕೆ ತನ್ನಿ.