ಕಾಲಿಗೆ ಸಿಗದ ಕ್ಲಚ್

ಸಂಜೆ ಆರೂವರೆ. ಹೆಬ್ಬಾಳ ಫ್ಲೈಓವರ್ ಏರುವ ಕಡೆ ಸಾಲು ನಿಂತಿತ್ತು. ಮುಂದಿನ ಕಾರು ಒಂದು ಮಾರು ಸರಿದು ಮತ್ತೆ ನಿಲ್ಲುತ್ತಿತ್ತು. ಹೊಸ ಎಎಂಟಿ ಕಾರು ಓಡಿಸುತ್ತಿದ್ದ ತಂಗಿ ಬ್ರೇಕ್ ಮುಟ್ಟುತ್ತಲೇ ಇರಲಿಲ್ಲ. ಎಕ್ಸಲರೇಟರನ್ನೇ ಚೂರು ಒತ್ತಿ ಹಿಡಿದು, ಕಾರು ಹಿಂದೆ ಜಾರದಂತೆ ನಿಲ್ಲಿಸಿಕೊಂಡಿದ್ದಳು. ‘ಆಟೋಮ್ಯಾಟಿಕ್ ಅಲ್ವಾ ಅಣ್ಣಾ, ಅದೇ ನೋಡ್ಕೊಳುತ್ತೆ’ ಅಂದಳು. ಸ್ವಲ್ಪ ಹೊತ್ತಿಗೆ ಘಾಟು ವಾಸನೆ ಮೂಗಿಗೆ ಬಡಿಯಿತು. ಸುಡುತ್ತಿದ್ದದ್ದು ಕ್ಲಚ್ ಪ್ಲೇಟು.

ಪೆಡಲ್ ಇಲ್ಲ ಅಂದಮಾತ್ರಕ್ಕೆ ಕ್ಲಚ್ಚೂ ಇಲ್ಲ ಅಂದುಕೊಳ್ಳುವುದರಲ್ಲೇ ಎಡವಟ್ಟು ಶುರುವಾಗುತ್ತದೆ. ಮಾರುತಿ ಸುಜುಕಿ 2014ರಲ್ಲಿ ಸೆಲೆರಿಯೊ ಮೂಲಕ ನಮ್ಮ ಸಣ್ಣ ಕಾರುಗಳಿಗೆ ತಂದ ಎಎಂಟಿ ಒಳಗಿನಿಂದ ಅಪ್ಪಟ ಮ್ಯಾನ್ಯುಯಲ್. ಅದೇ ಗೇರ್‌ಬಾಕ್ಸ್, ಅದೇ ಒಣ ಕ್ಲಚ್ ಪ್ಲೇಟ್. ನಮ್ಮ ಎಡಗಾಲು, ಎಡಗೈ ಮಾಡುತ್ತಿದ್ದ ಕೆಲಸವನ್ನು ಮಾತ್ರ ಒಂದು ಪಂಪಿನ ಒತ್ತಡದಿಂದ ನಡೆಯುವ ಆಕ್ಚುಯೇಟರ್‌ಗಳು ಮಾಡುತ್ತವೆ. ಯಾವಾಗ ಬಿಡಬೇಕು, ಯಾವಾಗ ಹಿಡಿಯಬೇಕು ಅನ್ನುವುದನ್ನು ಕಂಪ್ಯೂಟರ್ ಹೇಳುತ್ತದೆ. (2020ರಲ್ಲಿ ಹ್ಯುಂಡೈ ವೆನ್ಯೂನಲ್ಲಿ ಬಂದ ಐಎಂಟಿ ಇದರ ಅರ್ಧದಾರಿ: ಗೇರ್ ನಾವೇ ಹಾಕಬೇಕು, ಕ್ಲಚ್ ಅದು ನೋಡಿಕೊಳ್ಳುತ್ತದೆ.)

ಹಳೆಯ ಮಾದರಿಯ ಆಟೋಮ್ಯಾಟಿಕ್‌ನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಇರುತ್ತದೆ. ನಿಂತ ಕಾರಿಗೂ ತಿರುಗುವ ಎಂಜಿನ್ನಿಗೂ ಇರುವ ವ್ಯತ್ಯಾಸವನ್ನು ಆ ಎಣ್ಣೆ ನುಂಗಿಕೊಳ್ಳುತ್ತದೆ. ಎಎಂಟಿಯಲ್ಲಿ ಅದನ್ನು ನುಂಗಬೇಕಾದ್ದು ಪ್ಲೇಟೇ, ಉಜ್ಜಿಕೊಂಡು, ಕಾದುಕೊಂಡು. ಏರಿನಲ್ಲಿ ಎಕ್ಸಲರೇಟರ್ ಒತ್ತಿ ಕಾರು ನಿಲ್ಲಿಸುವುದೆಂದರೆ, ಮ್ಯಾನ್ಯುಯಲ್ ಕಾರಿನಲ್ಲಿ ಹಾಫ್ ಕ್ಲಚ್ ಹಿಡಿದು ಕೂತ ಹಾಗೆಯೇ. ಬ್ರೇಕ್ ಒತ್ತಿ ಡಿಯಲ್ಲಿ ನಿಂತರೆ ಕ್ಲಚ್ ಪೂರ್ತಿ ಬಿಟ್ಟುಕೊಂಡಿರುತ್ತದೆ, ಪ್ಲೇಟಿಗೆ ಉಜ್ಜಾಟವಿಲ್ಲ. ಸಿಗ್ನಲ್ ಉದ್ದವಿದ್ದರೆ ನ್ಯೂಟ್ರಲ್‌ಗೆ ತಂದು ಹ್ಯಾಂಡ್‌ಬ್ರೇಕ್ ಎಳೆಯುವುದು ಇನ್ನೂ ವಾಸಿ.

ಆವತ್ತು ತಂಗಿಗೆ ಹೇಳಿಕೊಟ್ಟದ್ದು ಹಳೇ ಡ್ರೈವಿಂಗ್ ಸ್ಕೂಲಿನ ಪಾಠ. ನಿಂತಾಗ ಹ್ಯಾಂಡ್‌ಬ್ರೇಕ್ ಎಳೆ. ಹೊರಡುವಾಗ ಎಕ್ಸಲರೇಟರ್ ನಿಧಾನಕ್ಕೆ ಒತ್ತು. ಎಂಜಿನ್ ಸದ್ದು ಸ್ವಲ್ಪ ದಪ್ಪಗಾಗಿ ಕಾರು ಮುಂದಕ್ಕೆ ತುಯ್ದಂತಾದಾಗ ಹ್ಯಾಂಡ್‌ಬ್ರೇಕ್ ಇಳಿಸು. ಹಿಲ್ ಹೋಲ್ಡ್ ಇರುವ ಕಾರಿನಲ್ಲಿ ಈ ಕಸರತ್ತು ಬೇಡ. ಆದರೆ ಅದು ಬ್ರೇಕ್ ಹಿಡಿದಿಡುವುದು ಒಂದೆರಡು ಸೆಕೆಂಡು ಮಾತ್ರ, ಅಷ್ಟರೊಳಗೆ ಹೊರಡಬೇಕು.

ಸಮತಟ್ಟು ರಸ್ತೆಯಲ್ಲಿ ಬ್ರೇಕ್ ಬಿಟ್ಟೊಡನೆ ಕಾರು ತಾನೇ ತೆವಳುತ್ತದಲ್ಲ, ಅದಕ್ಕೆ ಕ್ರೀಪ್ ಅನ್ನುತ್ತಾರೆ. ಆಗಲೂ ಪ್ಲೇಟು ಉಜ್ಜುತ್ತಲೇ ಇರುತ್ತದೆ. ಹಾಗಾಗಿ ಮುಂದಿನ ಬಂಪರ್‌ಗೆ ಮುತ್ತಿಡುವಂತೆ ಅಡಿ ಅಡಿ ಸರಿಯುವ ಚಟ ಬಿಡಬೇಕು. ಎರಡು ಕಾರಿನಷ್ಟು ಜಾಗ ತೆರೆಯಲಿ, ಆಮೇಲೆ ಒಂದೇ ಸಲ ಹೋಗಿ ನಿಲ್ಲಿ. ಹತ್ತು ಸಲ ಹೊರಡುವ ಕಡೆ ಮೂರು ಸಲ ಹೊರಟರೆ ಪ್ಲೇಟಿನ ಸವೆತ ಅಷ್ಟೂ ಉಳಿಯಿತು. ಸಂದಿಯಲ್ಲಿ ಸ್ಕೂಟರ್ ನುಗ್ಗುತ್ತದೆ ಅನ್ನುತ್ತೀರಾ? ನುಗ್ಗಲಿ ಬಿಡಿ, ಅದು ಹೇಗೂ ನುಗ್ಗುತ್ತದೆ.

ಇನ್ನೊಂದು ದೂರು, ಗೇರ್ ಬದಲಾಗುವಾಗ ತಲೆ ಮುಂದಕ್ಕೆ ಬಗ್ಗುವುದು. ಒಂದರಿಂದ ಎರಡಕ್ಕೆ ಹೋಗುವ ಆ ಅರೆಗಳಿಗೆ ಕ್ಲಚ್ ಬಿಟ್ಟುಕೊಂಡು ಚಕ್ರಕ್ಕೆ ಎಳೆತವೇ ಇರುವುದಿಲ್ಲ. ನಿಮ್ಮ ಕಾಲು ಮಾತ್ರ ಇನ್ನೂ ‘ಓಡು’ ಅನ್ನುತ್ತಿರುತ್ತದೆ. ಎಳೆತ ನಿಂತಾಗ ತಲೆ ಮುಂದಕ್ಕೆ, ಕ್ಲಚ್ ಕೂಡಿದಾಗ ಹಿಂದಕ್ಕೆ. ಕಾಲು ಜೋರಾಗಿ ಒತ್ತಿದಷ್ಟೂ ಬಾಗು ಹೆಚ್ಚು. ಎಂಜಿನ್ ಸದ್ದು ಏರಿ ಗೇರ್ ಬದಲಾಗುವ ಹೊತ್ತಾಯಿತು ಅನ್ನಿಸಿದಾಗ, ಮ್ಯಾನ್ಯುಯಲ್‌ನಲ್ಲಿ ಮಾಡುತ್ತಿದ್ದಂತೆ ಎಕ್ಸಲರೇಟರ್‌ನಿಂದ ಪಾದ ಸ್ವಲ್ಪ ಸಡಿಲಿಸಿ, ಗೇರ್ ಕೂತ ಮೇಲೆ ಮತ್ತೆ ಒತ್ತಿ. ವಾರದಲ್ಲಿ ಕಿವಿಗೆ ಅದರ ಗತಿ ಸಿಕ್ಕಿಬಿಡುತ್ತದೆ. ನಿಧಾನ ಸಾಗುವ ಟ್ರಾಫಿಕ್ಕಿನಲ್ಲಿ ಡಿಯಲ್ಲೇ ಬಿಟ್ಟರೆ ಕೆಲವೊಮ್ಮೆ ಒಂದು, ಎರಡು, ಮತ್ತೆ ಒಂದು ಅಂತ ಗೇರು ಗೊಂದಲಕ್ಕೆ ಬೀಳುತ್ತದೆ. ಆಗ ಲಿವರ್ ಎಂಗೆ ತಳ್ಳಿ ಒಂದನೇ ಗೇರನ್ನು ಹಿಡಿದಿಟ್ಟುಕೊಳ್ಳಿ. ಸಾಲು ಸಡಿಲವಾದ ಮೇಲೆ ಪ್ಲಸ್ ಕಡೆ ಒಮ್ಮೆ ತಟ್ಟಿದರೆ ಎರಡು.

ಪ್ಲೇಟು ಸವೆದಿದೆಯೋ ಅನ್ನುವುದು ಏರಿನಲ್ಲೇ ಗೊತ್ತಾಗುತ್ತದೆ. ಎಂಜಿನ್ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ತೆವಳುವಾಗ ಕಾರು ನಡುಗಿದರೂ ತೋರಿಸುವುದು ಒಳ್ಳೆಯದು. ತಂಗಿಯ ಕಾರಿಗೆ ಮುಂದಿನ ವರ್ಷವೇ ಪ್ಲೇಟು ಹೊಸದು ಹಾಕಬೇಕಾಯಿತು. ಹಾಕಿದ ಮೇಲೆ ಮೆಕ್ಯಾನಿಕ್ ಸ್ಟಿಯರಿಂಗ್ ಕೆಳಗೆ ವೈರ್ ಸಿಕ್ಕಿಸಿ, ಸ್ಕ್ಯಾನರ್ ಹಿಡಿದು ಕೂತ. ‘ಹೊಸ ಪ್ಲೇಟು ಎಲ್ಲಿ ಹಿಡಿಯುತ್ತೆ ಅಂತ ಕಂಪ್ಯೂಟರಿಗೆ ಗೊತ್ತಿಲ್ಲ ಮೇಡಂ, ಅದಕ್ಕೂ ಹೊಸದಾಗಿ ಕಲಿಸಬೇಕು’ ಅಂದ.