ಗೆರೆಯಾಚೆ ಉಳಿದ ಸಾವಿರ ಬಲ್ಬು

ದ್ವಿತೀಯ ಪಿಯುಸಿ ಗಣಿತದಲ್ಲಿ ಸಂಭವನೀಯತೆಯ ಪಾಠ ಮುಗಿದ ಮೇಲೆ ಇಂಥದ್ದೊಂದು ಪ್ರಶ್ನೆ ಟೆಸ್ಟ್‌ನಲ್ಲಿ ಬರುವುದು ಸಾಮಾನ್ಯ. ಒಂದು ಕಾರ್ಖಾನೆಯ ಬಲ್ಬುಗಳಲ್ಲಿ ಶೇ. 60ರಷ್ಟನ್ನು ಎ ಯಂತ್ರವೂ ಶೇ. 40ರಷ್ಟನ್ನು ಬಿ ಯಂತ್ರವೂ ತಯಾರಿಸುತ್ತವೆ. ಎ ಯಂತ್ರದ ಬಲ್ಬುಗಳಲ್ಲಿ ಶೇ. 2, ಬಿ ಯಂತ್ರದವುಗಳಲ್ಲಿ ಶೇ. 3 ದೋಷಪೂರಿತ. ರಾಶಿಯಿಂದ ಕಣ್ಣುಮುಚ್ಚಿ ತೆಗೆದ ಒಂದು ಬಲ್ಬು ದೋಷಪೂರಿತವಾಗಿದೆ. ಅದು ಬಿ ಯಂತ್ರದ್ದಾಗಿರುವ ಸಂಭವನೀಯತೆ ಎಷ್ಟು? 5 ಅಂಕ.

ಒಬ್ಬ ವಿದ್ಯಾರ್ಥಿನಿ ಇದಕ್ಕೆ ಉತ್ತರ ಬರೆದು, ಹಾಳೆಯನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಉಪನ್ಯಾಸಕಿಗೆ ಕಳಿಸಿದಳೆಂದು ಇಟ್ಟುಕೊಳ್ಳೋಣ. ಅಂತಿಮ ಉತ್ತರ 1/2, ಸರಿಯಾಗಿಯೇ ಇದೆ. ಬಂದ ಅಂಕ ಮಾತ್ರ 1. ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ಒಂದೇ ಮಾತು: ‘ಊಹೆಯೇ?’

ಮೇಡಂ ಅನುಮಾನಕ್ಕೆ ಕಾರಣವಿದೆ. ಈ ಲೆಕ್ಕದಲ್ಲಿ 1/2 ಎಂಬ ಉತ್ತರಕ್ಕೆ ಎರಡು ದಾರಿಗಳಿವೆ. ಒಂದು ನೇರ ದಾರಿ, ಇನ್ನೊಂದು ಕಳ್ಳದಾರಿ. ಯಂತ್ರಗಳು ಎರಡು, ಬಲ್ಬು ಯಾವುದರದ್ದಾದರೂ ಆಗಿರಬಹುದು, ಆದ್ದರಿಂದ ಅರ್ಧಕ್ಕರ್ಧ ಎನ್ನುವುದು ಕಳ್ಳದಾರಿ. ಸಂಭವನೀಯತೆ ಕಲಿಯುವವರಲ್ಲಿ ಈ ತಪ್ಪು ಎಷ್ಟು ಸಾಮಾನ್ಯವೆಂದರೆ, ವಿವರಣೆಯಿಲ್ಲದ 1/2 ಕಂಡ ಕೂಡಲೇ ಅನುಭವಿ ಮೌಲ್ಯಮಾಪಕರ ಪೆನ್ನು ನಿಲ್ಲುತ್ತದೆ. ನನ್ನನ್ನು ಕೇಳಿದರೆ ಪ್ರಶ್ನೆಪತ್ರಿಕೆ ಮಾಡಿದವರದ್ದೂ ಇಲ್ಲಿ ಸ್ವಲ್ಪ ಪಾಲಿದೆ. ಊಹೆಯೂ ಲೆಕ್ಕವೂ ಒಂದೇ ಉತ್ತರ ಕೊಡುವಂಥ ಅಂಕಿಗಳನ್ನು ಅವರು ಆರಿಸಿಕೊಂಡಿದ್ದಾರೆ. ಎರಡೂ ಯಂತ್ರಗಳಿಗೆ ಶೇ. 50ರ ಪಾಲು ಕೊಟ್ಟಿದ್ದರೆ ಸರಿಯುತ್ತರ 3/5 ಆಗುತ್ತಿತ್ತು, ಊಹಿಸಿದವರು ಅಲ್ಲಿಯೇ ಸಿಕ್ಕಿಬೀಳುತ್ತಿದ್ದರು. ಆದರೆ ಈ ಮಾತು ವಿದ್ಯಾರ್ಥಿನಿಯ ಪತ್ರದಲ್ಲಿ ಬರತಕ್ಕದ್ದಲ್ಲ.

ಅವಳು ಮಾಡಿದ್ದೇನು? ಬೇಯ್ಸ್ ಪ್ರಮೇಯದ ಸೂತ್ರ ಅವಳಿಗೆ ನೆನಪಾಗಲಿಲ್ಲ. ಸಾವಿರ ಬಲ್ಬುಗಳಿವೆ ಎಂದುಕೊಂಡು ಎಣಿಸಿದಳು. ಸಾವಿರದಲ್ಲಿ ಎ ಯಂತ್ರದವು 600, ಅವುಗಳಲ್ಲಿ ಶೇ. 2 ಎಂದರೆ 12 ದೋಷದವು. ಬಿ ಯಂತ್ರದವು 400, ಅವುಗಳಲ್ಲಿ ಶೇ. 3 ಎಂದರೆ ಮತ್ತೆ 12. ಒಟ್ಟು ದೋಷದವು 24. ಕೈಗೆ ಬಂದಿರುವುದು ದೋಷದ ಬಲ್ಬು ಎಂದು ಗೊತ್ತಾದ ಮೇಲೆ ಸಾವಿರದ ಗೊಡವೆ ನಮಗಿಲ್ಲ, ಈ 24 ಮಾತ್ರ ನಮ್ಮ ಲೋಕ. ಅದರಲ್ಲಿ ಬಿ ಯಂತ್ರದವು 12. ಹೀಗೆ 12/24, ಅಂದರೆ 1/2.

ಇದು ಅಡ್ಡದಾರಿಯಲ್ಲ. ಸೂತ್ರದಲ್ಲಿ 0.4 × 0.03 ಅನ್ನು 0.6 × 0.02 + 0.4 × 0.03ರಿಂದ ಭಾಗಿಸುತ್ತೇವಲ್ಲ, ಮೇಲೂ ಕೆಳಗೂ ಸಾವಿರದಿಂದ ಗುಣಿಸಿದರೆ ಸಿಗುವುದು ಇದೇ 12 ಮತ್ತು 24. ಜರ್ಮನಿಯ ಮನೋವಿಜ್ಞಾನಿಗಳಾದ ಗೆರ್ಡ್ ಗಿಗರೆಂಝರ್ ಮತ್ತು ಉಲ್ರಿಕ್ ಹೊಫ್ರಾಗೆ 1995ರ ಒಂದು ಪ್ರಬಂಧದಲ್ಲಿ, ಇಂಥ ಪ್ರಶ್ನೆಗಳನ್ನು ಶೇಕಡಾವಾರು ಬಿಟ್ಟು ‘ಇಷ್ಟು ಜನರಲ್ಲಿ ಇಷ್ಟು’ ಎಂಬ ಎಣಿಕೆಯ ರೂಪದಲ್ಲಿ ಕೊಟ್ಟಾಗ ಜನ ಹೆಚ್ಚು ಸಲ ಸರಿಯುತ್ತರ ಕೊಡುತ್ತಾರೆಂದು ತೋರಿಸಿದ್ದರು. ನಮ್ಮ ಪಿಯು ಗಣಿತದ ಮೌಲ್ಯಮಾಪನ ಸೂಚನೆಗಳಲ್ಲೂ ಬೇರೆ ಸರಿಯಾದ ವಿಧಾನದಲ್ಲಿ ಬಿಡಿಸಿದ ಉತ್ತರಕ್ಕೆ ತಕ್ಕ ಅಂಕ ಕೊಡಬೇಕೆಂದೇ ಇರುತ್ತದೆ.

ಹಾಗಾದರೆ ಎಡವಟ್ಟಾದದ್ದು ಎಲ್ಲಿ? ಹಾಳೆಯ ಬಲಬದಿಯಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದು, ಅದರಾಚೆ ಅವಳು ರಫ್ ವರ್ಕ್ ಮಾಡಿದ್ದಳು. 600, 400, 12, 12 ಎಲ್ಲ ಇದ್ದದ್ದು ಅಲ್ಲಿ. ಸ್ಕ್ಯಾನ್ ಆ್ಯಪ್‌ಗಳು ಕಾಗದದ ನಾಲ್ಕು ಅಂಚುಗಳನ್ನು ತಾವೇ ಹುಡುಕಿ ಉಳಿದದ್ದನ್ನು ಕತ್ತರಿಸುತ್ತವೆ. ಕಾಗದಕ್ಕೂ ಮೇಜಿಗೂ ಬಣ್ಣದ ವ್ಯತ್ಯಾಸ ಕಡಿಮೆಯಿದ್ದರೆ, ಹಾಳೆಯ ಮೇಲಿನ ಕಡುಗೆರೆಯನ್ನೇ ಅಂಚೆಂದು ತಿಳಿಯುವುದುಂಟು. ಇಲ್ಲಿ ಆದದ್ದೂ ಅದೇ. ಮೇಡಂ ನೋಡಿದ ಚಿತ್ರದಲ್ಲಿ ಉಳಿದದ್ದು ಒಂದು ಸಾಲು: 12/24 = 1/2. (ಕಪ್ಪುಬಿಳುಪಿನ ಫಿಲ್ಟರ್ ಹಾಕಿದರೆ ಪೆನ್ಸಿಲಿನ ತೆಳು ಬರಹವೂ ಬೆಳಕಿನ ಜೊತೆ ಮಾಯವಾಗುತ್ತದೆ. ಸಂಭವನೀಯತೆಯಲ್ಲಿ ಬಿಡಿಸುವ ಕವಲು ಚಿತ್ರಗಳನ್ನು ಮಕ್ಕಳು ಪೆನ್ಸಿಲಿನಲ್ಲೇ ಬರೆಯುತ್ತಾರೆ ಎನ್ನುವುದನ್ನು ಮರೆಯಬಾರದು.)

ಆದರೂ ಆ ಒಂದು ಸಾಲಿನಲ್ಲಿ ಒಂದು ಸುಳಿವು ಉಳಿದಿದೆ. ಊಹಿಸಿ ಬರೆಯುವವರು ನೇರ 1/2 ಎಂದು ಬರೆದಾರೇ ಹೊರತು 12/24 ಎಂದು ಬರೆಯಲಾರರು. 24 ಎಂಬ ಅಂಕಿ ಪ್ರಶ್ನೆಯಲ್ಲಿ ಎಲ್ಲೂ ಇಲ್ಲ, ಎಣಿಸದೆ ಅದು ಹುಟ್ಟುವಂತೆಯೂ ಇಲ್ಲ. ಪತ್ರ ಬೆರಳಿಡಬೇಕಾದ ಜಾಗ ಇದೇ.

ಬರೆಯುವ ಮೊದಲು ಅವಳು ಮಾಡಬೇಕಾದ ಕೆಲಸ ಇನ್ನೊಂದಿದೆ. ಅದೇ ಟೆಸ್ಟ್‌ನ ಮುಂದಿನ ಪ್ರಶ್ನೆಯಲ್ಲೂ ಅಂಕ ಹೋಗಿದೆ: 10 ಬಲ್ಬುಗಳ ಡಬ್ಬಿಯಲ್ಲಿ 2 ಕೆಟ್ಟಿವೆ, ಒಂದಾದ ಮೇಲೊಂದರಂತೆ ಎರಡನ್ನು ತೆಗೆದರೆ ಕನಿಷ್ಠ ಒಂದಾದರೂ ಕೆಟ್ಟದ್ದಾಗಿರುವ ಸಂಭವನೀಯತೆ ಎಷ್ಟು? ತೆಗೆದದ್ದನ್ನು ಮತ್ತೆ ಡಬ್ಬಿಗೆ ಹಾಕುವುದಿಲ್ಲ. ಅವಳು ಎರಡೂ ಸಲ 8/10 ಎಂದು ಹಿಡಿದು, 1ರಿಂದ 64/100 ಕಳೆದು 9/25 ಎಂದು ಬರೆದಿದ್ದಾಳೆ. ಕೋಪದಲ್ಲಿ ಇದನ್ನೂ ಪತ್ರಕ್ಕೆ ಸೇರಿಸಿಬಿಡುವ ಮನಸ್ಸಾಗುತ್ತದೆ. ಆದರೆ ಜೋಡಿಗಳನ್ನು ಎಣಿಸಿದರೆ ವಿಷಯ ಬಯಲಾಗುತ್ತದೆ. ಹತ್ತರಿಂದ ಎರಡನ್ನು ಆರಿಸುವ ಜೋಡಿಗಳು 45, ಎರಡೂ ಒಳ್ಳೆಯವೇ ಆಗಿರುವ ಜೋಡಿಗಳು 28, ಉಳಿದವು 17. ಉತ್ತರ 17/45. ದಶಮಾಂಶದಲ್ಲಿ ಅವಳದ್ದು 0.36, ಸರಿಯಾದದ್ದು ಸುಮಾರು 0.38. ಇಷ್ಟು ಹತ್ತಿರವಿದ್ದರೂ ತಪ್ಪು ತಪ್ಪೇ, ಏಕೆಂದರೆ ಎರಡನೆಯ ಸಲ ಡಬ್ಬಿಯಲ್ಲಿ ಉಳಿದದ್ದು 9 ಬಲ್ಬು ಮಾತ್ರ. ಸಂಭವನೀಯತೆಯ ತೊಂದರೆಯೇ ಇದು. ಉತ್ತರ ಯಾವಾಗಲೂ ಸೊನ್ನೆಗೂ ಒಂದಕ್ಕೂ ನಡುವೆ ಬೀಳುವುದರಿಂದ ತಪ್ಪುತ್ತರವೂ ಸಭ್ಯವಾಗಿ ಕಾಣುತ್ತದೆ. ಈ ಪ್ರಶ್ನೆಯನ್ನು ಪತ್ರದಲ್ಲಿ ಸೇರಿಸಿದರೆ ಸರಿಯಿರುವ ಮೊದಲ ಅಹವಾಲೂ ಅದರ ಜೊತೆ ಮುಳುಗುತ್ತದೆ.

ಇನ್ನು ಪತ್ರ. ಶಾಲೆಯಲ್ಲಿ ಕಲಿಸಿದ ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ’ ಎಂಬ ಒಕ್ಕಣೆ ತಹಶೀಲ್ದಾರರಿಗೆ ಇರಲಿ. ಹತ್ತಾರು ಉತ್ತರಗಳನ್ನು ಮೊಬೈಲಿನ ಪರದೆಯಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದವರಿಗೆ ಬೇಕಾದದ್ದು ಯಾವ ಪ್ರಶ್ನೆ, ಯಾವ ಸಾಲು ಎನ್ನುವುದು. ಹೀಗೆ ಬರೆಯಬಹುದು:

‘ಮೇಡಂ, ನಮಸ್ಕಾರ. ಸಂಭವನೀಯತೆ ಟೆಸ್ಟ್‌ನ 4ನೇ ಪ್ರಶ್ನೆಯ (ಎರಡು ಯಂತ್ರಗಳ ಬಲ್ಬು) ಬಗ್ಗೆ ಬರೆಯುತ್ತಿದ್ದೇನೆ. ಅದರಲ್ಲಿ ನನಗೆ 5ಕ್ಕೆ 1 ಅಂಕ ಬಂದಿದೆ. ನಾನು ಕಳಿಸಿದ ಫೋಟೋವನ್ನು ಈಗ ನೋಡಿದಾಗ ಹಾಳೆಯ ಬಲಭಾಗ ಕತ್ತರಿಸಿ ಹೋಗಿರುವುದು ಗೊತ್ತಾಯಿತು. ಕಳಿಸುವ ಮುಂಚೆ ಗಮನಿಸಲಿಲ್ಲ, ಕ್ಷಮಿಸಿ. 12/24 ಎಂದು ಬರೆದಿರುವಲ್ಲಿ 24 ಎಂದರೆ ಸಾವಿರ ಬಲ್ಬುಗಳಲ್ಲಿ ದೋಷವಿರುವ ಒಟ್ಟು ಬಲ್ಬುಗಳು (ಎ 12, ಬಿ 12). ಆ ಲೆಕ್ಕ ಕತ್ತರಿಸಿದ ಭಾಗದಲ್ಲಿತ್ತು. ಬೇಯ್ಸ್ ಸೂತ್ರವನ್ನು ನಾನು ಬರೆದಿಲ್ಲ, ಎಣಿಸಿ ಬಿಡಿಸಿದ್ದೇನೆ. ಅದೇ ಹಾಳೆಯ ಪೂರ್ತಿ ಫೋಟೋ ಕಳಿಸಿದ್ದೇನೆ, ಹೊಸದಾಗಿ ಏನನ್ನೂ ಸೇರಿಸಿಲ್ಲ. ನಾಳೆ ನೋಟ್‌ಬುಕ್ ತರುತ್ತೇನೆ. ತಮಗೆ ಬಿಡುವಾದಾಗ ಈ ಒಂದು ಉತ್ತರವನ್ನು ಇನ್ನೊಮ್ಮೆ ನೋಡಬೇಕೆಂದು ವಿನಂತಿ. ಈ ವಿಧಾನ ಸರಿಯಿಲ್ಲದಿದ್ದರೆ ಎಲ್ಲಿ ತಪ್ಪಿದ್ದೇನೆ ಎಂದು ದಯವಿಟ್ಟು ತಿಳಿಸಿ. ತಮ್ಮ ವಿದ್ಯಾರ್ಥಿನಿ.’

ಕೆಳಗೆ ಹೆಸರು, ವಿಭಾಗ, ರೋಲ್ ನಂಬರ್. ಇದರಲ್ಲಿ ‘4 ಅಂಕ ಹಾಕಿಕೊಡಿ’ ಎಂಬ ಮಾತಿಲ್ಲ. ಪಕ್ಕದ ಬೆಂಚಿನವಳಿಗೆ ಇದೇ ಉತ್ತರಕ್ಕೆ ಪೂರ್ತಿ ಅಂಕ ಬಂದಿದೆ ಎಂಬ ದೂರೂ ಇಲ್ಲ. ಆ ದೂರು ನಿಜವೇ ಆಗಿದ್ದರೂ, ಅದರಿಂದ ತಪಾಸಣೆಯಾಗುವುದು ಪಕ್ಕದವಳ ಹಾಳೆ. ಸೂತ್ರ ಬರೆದಿಲ್ಲ ಎಂದು ತಾನಾಗಿ ಹೇಳಿಕೊಂಡಿರುವುದು ಪೆದ್ದುತನವೆಂದು ಕೆಲವರಿಗೆ ಅನ್ನಿಸೀತು. ಮೇಡಂ ಹೇಗೂ ಅದನ್ನು ನೋಡಿಯೇ ನೋಡುತ್ತಾರೆ. ಮೊದಲೇ ಹೇಳಿದ್ದರೆ ಉಳಿದ ಮಾತುಗಳಿಗೂ ತೂಕ ಬರುತ್ತದೆ.

ತೂಕ ಬೇಕಾಗಿರುವುದು ಮುಖ್ಯವಾಗಿ ಹೊಸ ಫೋಟೋಗೆ. ಅಂಕ ಬಂದ ಮೇಲೆ ಬಂದ ಚಿತ್ರವನ್ನು ಯಾವ ಶಿಕ್ಷಕರೂ ಸುಮ್ಮನೆ ನಂಬಲಾರರು, ನಂಬಬೇಕಾಗಿಯೂ ಇಲ್ಲ. ಆ ಅಂಕಣವನ್ನು ನಿನ್ನೆ ರಾತ್ರಿ ತುಂಬಿರಬಹುದಲ್ಲ? ಹಾಗಾಗಿ ಹಾಳೆಯ ಹೊಸ ಫೋಟೋ ತೆಗೆಯುವುದಕ್ಕಿಂತ ಟೆಸ್ಟ್‌ನ ದಿನ ತೆಗೆದ ಮೂಲ ಚಿತ್ರ ಮೊಬೈಲಿನಲ್ಲಿ ಉಳಿದಿದೆಯೇ ಎಂದು ನೋಡುವುದು ಮೇಲು. ಕೆಲವು ಸ್ಕ್ಯಾನ್ ಆ್ಯಪ್‌ಗಳು ಕತ್ತರಿಸುವ ಮೊದಲಿನ ಚಿತ್ರವನ್ನೂ ಇಟ್ಟುಕೊಂಡಿರುತ್ತವೆ. ಅದನ್ನು ಮತ್ತೆ ತೆರೆದು ಅಂಚನ್ನು ಹೊರಕ್ಕೆ ಎಳೆದರೆ ಕಾಣೆಯಾದ ಭಾಗ ಬರುತ್ತದೆ. ಕಳಿಸುವಾಗ ಸಾಧಾರಣ ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿದರೆ ಚಿತ್ರ ಕುಗ್ಗುವುದಿಲ್ಲ, ತೆಗೆದ ದಿನಾಂಕದ ವಿವರವೂ ಸಾಮಾನ್ಯವಾಗಿ ಜೊತೆಗೇ ಹೋಗುತ್ತದೆ.

ಪೂರ್ತಿ ಹಾಳೆ ನೋಡಿದ ಮೇಲೆ ಎಷ್ಟು ಅಂಕ ಬರಬೇಕು? ಯಂತ್ರಗಳ ಪಾಲಿಗೆ 1, ದೋಷದ ಪ್ರಮಾಣಕ್ಕೆ 1, ಘಟನೆಗಳನ್ನು ಹೆಸರಿಸಿದ್ದಕ್ಕೆ 1, ಸೂತ್ರದಲ್ಲಿ ಬೆಲೆ ಹಾಕಿದ್ದಕ್ಕೆ 1, ಉತ್ತರಕ್ಕೆ 1 ಎಂದು ಹಂಚಿದ್ದರೆ, 600 ಮತ್ತು 400 ಮೊದಲನೆಯದಕ್ಕೆ ಸಲ್ಲುತ್ತವೆ, ಎರಡು 12ಗಳು ಎರಡನೆಯದಕ್ಕೆ, 12/24 ಎಂಬುದು ನಾಲ್ಕನೆಯದಕ್ಕೆ. ಯಾವ ಘಟನೆ ಯಾವುದು ಎಂದು ಅವಳು ಎಲ್ಲೂ ಬರೆದಿಲ್ಲ. 4 ಬಂದರೆ ನ್ಯಾಯವಾಗಿಯೇ ಬಂದಂತೆ. ಪ್ರಶ್ನೆಯಲ್ಲೇ ‘ಬೇಯ್ಸ್ ಪ್ರಮೇಯ ಬಳಸಿ’ ಎಂದು ಬರೆದಿದ್ದರೆ ಇನ್ನೊಂದು ಅಂಕ ಹೋದರೂ ವಾದಿಸುವಂತಿಲ್ಲ.

ಫೋಟೋದ ಮೇಲೆ ಇನ್ನೂ ಅನುಮಾನವಿದ್ದರೆ ಮೇಡಂಗೆ ಸುಲಭದ ದಾರಿಯೊಂದಿದೆ. ನೋಟ್‌ಬುಕ್ ತಂದ ಹುಡುಗಿಯನ್ನು ಸ್ಟಾಫ್ ರೂಮಿನಲ್ಲೇ ಕೇಳಬಹುದು: ‘ಎರಡೂ ಯಂತ್ರ ಅರ್ಧರ್ಧ ಬಲ್ಬು ಮಾಡಿದ್ದರೆ ಉತ್ತರ ಎಷ್ಟಮ್ಮ?’ ಎಣಿಸಿ ಬಿಡಿಸಿದ್ದವಳಾದರೆ 500ಕ್ಕೆ 10, 500ಕ್ಕೆ 15 ಎಂದು ಬೆರಳು ಮಡಚಿ, 15/25 ಎನ್ನುತ್ತಾಳೆ. ಊಹಿಸಿದ್ದವಳಾದರೆ ಮತ್ತೆ ಅರ್ಧ ಎನ್ನುತ್ತಾಳೆ.